ಇಂಟರ್‌ವ್ಯೂ ಆದ ಮೇಲೆ ಕಳಿಸುವ ಆ ಮೂರು ಸಾಲು

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಹೊಸಬರ ಇಂಟರ್‌ವ್ಯೂ ತೆಗೆದುಕೊಳ್ಳುವುದೂ ಅದರ ಒಂದು ಭಾಗ. ಇಂಟರ್‌ವ್ಯೂ ಮುಗಿದ ಮೇಲೆ ಕೆಲವರು ಲಿಂಕ್ಡ್‌ಇನ್‌ನಲ್ಲಿ ಕನೆಕ್ಷನ್ ರಿಕ್ವೆಸ್ಟ್ ಕಳಿಸುತ್ತಾರೆ. ಕೆಲವರು ಅದರ ಜೊತೆ ಒಂದು ನೋಟ್ ಕೂಡ ಬರೆಯುತ್ತಾರೆ. ಕೆಲವು ನೋಟ್ ಓದಿದರೆ ಖುಷಿಯಾಗುತ್ತದೆ. ಇನ್ನು ಕೆಲವನ್ನು ಓದಿದರೆ ಏನು ಮಾಡಬೇಕೋ ತೋಚುವುದಿಲ್ಲ. ಬರೆದವರ ಮೇಲೆ ಸಿಟ್ಟಲ್ಲ. ಆ ನೋಟ್ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿರುತ್ತದೆ, ಅಷ್ಟೇ.

ಮೊನ್ನೆ ನನ್ನ ಅಕ್ಕನ ಮಗಳು ಫೋನ್ ಮಾಡಿದ್ದಳು. ಬೇರೊಂದು ಕಂಪನಿಯಲ್ಲಿ ಅವಳಿಗೆ ಟೆಸ್ಟ್ ಇಂಜಿನಿಯರ್ ಕೆಲಸಕ್ಕೆ ಇಂಟರ್‌ವ್ಯೂ ಆಗಿತ್ತು. "ಚಿಕ್ಕಮ್ಮ, ನನ್ನ ಇಂಟರ್‌ವ್ಯೂ ಮಾಡಿದ ಮೇಡಂಗೆ ಲಿಂಕ್ಡ್‌ಇನ್‌ನಲ್ಲಿ ರಿಕ್ವೆಸ್ಟ್ ಕಳಿಸ್ಲಾ? ಮೇಲೆ ಬಿದ್ದ ಹಾಗೆ ಆಗುತ್ತಾ?" ಎಂದು ಕೇಳಿದಳು. ಕಳಿಸು, ಆದರೆ ಈಗಲೇ ಬೇಡ, ಮೊದಲು ಏನು ಬರೆದಿದ್ದೀಯ ತೋರಿಸು ಎಂದೆ. ಅವಳು ಬರೆದಿದ್ದನ್ನು ನಾವಿಬ್ಬರೂ ಕೂತು ತಿದ್ದಿದೆವು. ಆ ತಿದ್ದುವಿಕೆಯ ಕಥೆಯೇ ಈ ಬರಹ. ನೋಟ್ ಇದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಅದರ ಸಾರವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಅವಳು ಮೊದಲು ಬರೆದದ್ದು ಹೀಗಿತ್ತು:

"ಗೌರವಾನ್ವಿತ ಮೇಡಂ, ನಿನ್ನೆ ನಿಮ್ಮ ಜೊತೆ ಮಾತಾಡಿದ್ದು ನನ್ನ ಭಾಗ್ಯ. ನೀವೂ ಹಾಸನದ ಕಡೆಯವರು ಎಂದು ನೋಡಿ ತುಂಬಾ ಖುಷಿಯಾಯಿತು. ಪೇಮೆಂಟ್ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಅದರ ಸರಿ ಉತ್ತರ ಹೀಗೆ. ದಯವಿಟ್ಟು ರಿಕ್ವೆಸ್ಟ್ ಸ್ವೀಕರಿಸಿ, ಮುಂದಿನ ಹಂತದ ಬಗ್ಗೆ ತಿಳಿಸಿ."

ಇದರಲ್ಲಿ ಕೆಟ್ಟ ಮನಸ್ಸು ಎಲ್ಲೂ ಇಲ್ಲ. ಆದರೂ ಹೆಚ್ಚುಕಮ್ಮಿ ಪ್ರತಿಯೊಂದು ವಾಕ್ಯವೂ ಆ ಇಂಟರ್‌ವ್ಯೂ ಮಾಡಿದವರ ಕೈಯಲ್ಲಿ ಆಗದ ಏನನ್ನೋ ಕೇಳುತ್ತಿದೆ. ಯಾಕೆ ಆಗದು ಅನ್ನುವುದು ಗೊತ್ತಾಗಬೇಕಾದರೆ ಇಂಟರ್‌ವ್ಯೂ ಮುಗಿದ ಮೇಲೆ ನಮ್ಮ ಕಡೆ ಏನು ನಡೆಯುತ್ತದೆ ಎಂದು ತಿಳಿದಿರಬೇಕು.

ಕರೆ ಮುಗಿದ ಮೇಲೆ ನಾವು ಒಂದು ಫೀಡ್‌ಬ್ಯಾಕ್ ಫಾರ್ಮ್ ತುಂಬುತ್ತೇವೆ. ಕೆಲವರು ಅವತ್ತೇ ಸಂಜೆ ತುಂಬುತ್ತಾರೆ, ಕೆಲವರಿಗೆ ಒಂದೆರಡು ದಿನ ಹಿಡಿಯುತ್ತದೆ. ಯಾವ ಪ್ರಶ್ನೆ ಕೇಳಿದೆ, ಏನು ಉತ್ತರ ಬಂತು, ತೆಗೆದುಕೊಳ್ಳಬಹುದೋ ಬೇಡವೋ ಎಂದು ಬರೆಯಬೇಕು. ಬೇರೆ ಬೇರೆ ರೌಂಡ್ ತೆಗೆದುಕೊಂಡವರೆಲ್ಲ ಬರೆದಾದ ಮೇಲೆ, ಅನೇಕ ಕಂಪನಿಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತಾರೆ. ಆಮೇಲೆ ಹೈರಿಂಗ್ ಮ್ಯಾನೇಜರ್ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನವನ್ನು ಅಭ್ಯರ್ಥಿಗೆ ತಿಳಿಸುವುದು ಎಚ್‌ಆರ್‌ನವರು. ನಾನಲ್ಲ. ನನಗೆ ಫಲಿತಾಂಶ ಗೊತ್ತಿದ್ದರೂ ಹೇಳುವ ಹಾಗಿಲ್ಲ. ಎಷ್ಟೋ ಸಲ ನನಗೂ ಗೊತ್ತಿರುವುದಿಲ್ಲ.

ಹೆಣ್ಣು ನೋಡಿ ಬಂದ ಮೇಲೆ ಹುಡುಗನ ಮನೆಯ ತೀರ್ಮಾನ ನಡುವೆ ನಿಂತ ಹಿರಿಯರ ಮೂಲಕವೇ ಬರುತ್ತದಲ್ವಾ? ಹುಡುಗನ ಅತ್ತಿಗೆಗೆ ಯಾರೂ ನೇರವಾಗಿ ಫೋನ್ ಮಾಡಿ ಕೇಳುವುದಿಲ್ಲ. ಇಲ್ಲಿ ಆ ಹಿರಿಯರ ಜಾಗದಲ್ಲಿ ಇರುವುದು ಎಚ್‌ಆರ್.

ಹಾಗಾಗಿ "ಮುಂದಿನ ಹಂತದ ಬಗ್ಗೆ ತಿಳಿಸಿ" ಎನ್ನುವ ಸಾಲನ್ನು ಮೊದಲು ಹೊಡೆದು ಹಾಕಿಸಿದೆ. ಆ ಒಂದು ಸಾಲಿನಿಂದ ಇಡೀ ನೋಟ್‌ನ ಅರ್ಥ ಬದಲಾಗುತ್ತದೆ. ಪರಿಚಯ ಉಳಿಸಿಕೊಳ್ಳಲು ಕಳಿಸಿದ್ದು ವಿಚಾರಣೆಗೆ ಕಳಿಸಿದ ಹಾಗೆ ಕಾಣುತ್ತದೆ. ಓದಿದವರಿಗೆ ಎರಡೇ ದಾರಿ: ಉತ್ತರ ಕೊಟ್ಟು ನಿಯಮ ಮೀರುವುದು, ಇಲ್ಲವೇ ಸುಮ್ಮನಿದ್ದು ಒರಟರು ಅನ್ನಿಸಿಕೊಳ್ಳುವುದು. ಫಲಿತಾಂಶ ಕೇಳಬೇಕಿದ್ದರೆ ಎಚ್‌ಆರ್‌ಗೆ ಮೇಲ್ ಮಾಡಬೇಕು. ಅದು ಅವರ ಕೆಲಸ, ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಅವರು ಹೇಳಿದ ದಿನ ದಾಟಿ ಎರಡು ಮೂರು ದಿನ ಬಿಟ್ಟು ಕೇಳಿದರೆ ಇನ್ನೂ ಒಳ್ಳೆಯದು.

ಎರಡನೆಯದು ಊರಿನ ಮಾತು. ಇದನ್ನು ತೆಗೆಯಲು ಅವಳು ಸುಲಭಕ್ಕೆ ಒಪ್ಪಲಿಲ್ಲ. "ಅದ್ರಲ್ಲೇನು ತಪ್ಪು ಚಿಕ್ಕಮ್ಮ? ಅವರೂ ನಮ್ಮ ಕಡೆಯವ್ರೇ ತಾನೇ?" ಎಂದಳು. ನಮ್ಮಲ್ಲಿ ಇದು ತೀರಾ ಸಹಜ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಯಾವ ಊರು ಎಂದು ಕೇಳಿಯೇ ಮಾತು ಶುರು ಮಾಡುವುದು. ಆದರೆ ಆ ಮೇಡಂ ಇಂಟರ್‌ವ್ಯೂನಲ್ಲಿ ತಮ್ಮ ಊರಿನ ಹೆಸರೇ ಎತ್ತಿರಲಿಲ್ಲ. ಇವಳಿಗೆ ಅದು ಗೊತ್ತಾಗಿದ್ದು ಅವರ ಪ್ರೊಫೈಲ್‌ನಲ್ಲಿ ಕೆಳಗೆ ಇಳಿದು, ಓದಿದ ಕಾಲೇಜು ನೋಡಿ. ಅಂದರೆ ಆ ಸಾಲು ಓದಿದ ತಕ್ಷಣ ಅವರಿಗೆ ಮೊದಲು ಹೊಳೆಯುವುದು ಈ ಹುಡುಗಿ ನನ್ನ ಬಗ್ಗೆ ಹುಡುಕಿದ್ದಾಳೆ ಎನ್ನುವುದು. ಆಮೇಲೆ ಹೊಳೆಯುವುದು ಇನ್ನೂ ಕಷ್ಟದ್ದು. ತೀರ್ಮಾನ ಇನ್ನೂ ಆಗಿಲ್ಲ, ಅಷ್ಟರಲ್ಲಿ ಊರಿನ ನಂಟು ಬಂತು. ನಾಳೆ ಇವಳನ್ನು ತೆಗೆದುಕೊಳ್ಳಿ ಎಂದು ಹೇಳಿದರೆ ಅದು ಉತ್ತರ ಚೆನ್ನಾಗಿದ್ದಕ್ಕೋ ಊರಿನವಳು ಅಂತಲೋ ಎಂದು ಸ್ವತಃ ಅವರಿಗೇ ಅನುಮಾನ ಬರಬಹುದು. ಒಳ್ಳೆಯ ಇಂಟರ್‌ವ್ಯೂ ಮಾಡುವವರು ಈ ಅನುಮಾನಕ್ಕೆ ಜಾಗವೇ ಇರಬಾರದು ಎಂದು ಬಯಸುತ್ತಾರೆ.

ಅದಕ್ಕೇ ನಾನು ಅವಳಿಗೆ ಒಂದು ಗೆರೆ ಹಾಕಿಕೊಟ್ಟೆ. ಆ ನಲವತ್ತೈದು ನಿಮಿಷದ ಮಾತಿನಲ್ಲಿ ಬಂದದ್ದನ್ನು ಮಾತ್ರ ನೋಟ್‌ನಲ್ಲಿ ಬರೆ. ಪ್ರೊಫೈಲ್ ನೋಡಿ ತಿಳಿದದ್ದು ಯಾವುದೂ ಬೇಡ. ಅವರು ತಾವಾಗಿಯೇ ಹಾಸನದ ಮಾತು ತೆಗೆದಿದ್ದರೆ ಬೇರೆ ವಿಷಯ. ಫೋಟೋ, ಊರು, ಕಾಲೇಜು, ಅವರು ಯಾವಾಗಲೋ ಹಾಕಿದ ಪ್ರವಾಸದ ಪೋಸ್ಟ್, ಎಲ್ಲವೂ ಗೆರೆಯ ಆಚೆಗೆ. ಹೆಂಗಸಾಗಿ ಇನ್ನೂ ಒಂದು ಮಾತು ಸೇರಿಸುತ್ತೇನೆ. ಗುರುತಿಲ್ಲದವರು ನಮ್ಮ ಪ್ರೊಫೈಲ್ ಕೆದಕಿ ಬರೆಯುವ ಮೆಸೇಜುಗಳು ನಮಗೆ ಮೊದಲೇ ಸಾಕಷ್ಟು ಬರುತ್ತಿರುತ್ತವೆ. ಅಭ್ಯರ್ಥಿಯ ನೋಟ್ ಆ ಗುಂಪಿಗೆ ಸೇರಿದಂತೆ ಕಾಣಬಾರದು.

ಮೂರನೆಯದು ಆ ಪೇಮೆಂಟ್ ಪ್ರಶ್ನೆ. ಅವಳನ್ನು ಕೇಳಿದ್ದು ಇದು: ಯುಪಿಐ ಮೂಲಕ ದುಡ್ಡು ಕಳಿಸುವಾಗ ಬ್ಯಾಂಕಿನಲ್ಲಿ ದುಡ್ಡು ಕಡಿತವಾಗಿದೆ, ಆದರೆ ಆ್ಯಪ್‌ಗೆ ಉತ್ತರ ಬರುವ ಮೊದಲೇ ನೆಟ್‌ವರ್ಕ್ ಹೋಯಿತು. ಇದನ್ನು ಹೇಗೆ ಟೆಸ್ಟ್ ಮಾಡುತ್ತೀಯ? ಬಳಸುವವನು ಮತ್ತೆ ಬಟನ್ ಒತ್ತಿದರೆ ದುಡ್ಡು ಎರಡು ಸಲ ಹೋಗಬಾರದು ಎನ್ನುವವರೆಗೆ ಅವಳು ಹೇಳಿದ್ದಳು. ಮೊದಲ ವ್ಯವಹಾರದ ಸ್ಥಿತಿ ಏನಾಯಿತು ಎಂದು ಆ್ಯಪ್ ಮತ್ತೆ ಕೇಳಿ ತಿಳಿದುಕೊಳ್ಳುತ್ತದೆಯೋ ಇಲ್ಲವೋ ಅನ್ನುವುದನ್ನೂ ನೋಡಬೇಕಿತ್ತು. ಅದನ್ನು ಆ ಮೇಡಂ ಆಮೇಲೆ ತಾವೇ ವಿವರಿಸಿದ್ದರು. ಇವಳಿಗೆ ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ಪೂರ್ತಿ ಉತ್ತರವನ್ನು ಈಗಲಾದರೂ ಕಳಿಸಿಬಿಡಬೇಕು ಎಂಬ ಆಸೆ.

ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕನೆಕ್ಷನ್ ನೋಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಮನೆಗೆ ಹೋಗಿ ಹುಡುಕಿ ಬರೆದ ಉತ್ತರವನ್ನು ನಾನು ಫಾರ್ಮ್‌ನಲ್ಲಿ ಸೇರಿಸಲು ಬರುವುದಿಲ್ಲ. ಬೇರೆ ಅಭ್ಯರ್ಥಿಗಳಿಗೆ ಆ ಅವಕಾಶ ಸಿಕ್ಕಿರುವುದಿಲ್ಲವಲ್ಲ. ಅದು ಮಾರ್ಕ್ಸ್ ಮರುಎಣಿಕೆ ಮಾಡಿ ಎಂದು ಕೇಳಿದ ಹಾಗಾಗುತ್ತದೆ. ಇನ್ನೂ ಒಂದು ಸಂಗತಿ ಇದೆ. ಅದೇ ಪ್ರಶ್ನೆಯನ್ನು ಅವರು ಮುಂದಿನ ವಾರ ಬೇರೆಯವರಿಗೂ ಕೇಳಬಹುದು. ಪ್ರಶ್ನೆಯನ್ನು ಹಾಗೆಯೇ ಎತ್ತಿ ಬರೆಯಬಾರದು. ವಿಷಯದ ಹೆಸರು ಹೇಳಿದರೆ ಸಾಕು. ಇದೇ ಕಾರಣಕ್ಕೆ, ಇಂಥ ಕಂಪನಿಯಲ್ಲಿ ಇಂಥವರು ಇಂಥ ಪ್ರಶ್ನೆ ಕೇಳಿದರು ಎಂದು ಅವರನ್ನು ಟ್ಯಾಗ್ ಮಾಡಿ ಪೋಸ್ಟ್ ಹಾಕುವುದಂತೂ ಬೇಡವೇ ಬೇಡ.

ವಿಷಯದ ಹೆಸರನ್ನು ಬಿಡಬಾರದು ಎಂದೂ ಅಷ್ಟೇ ಒತ್ತಿ ಹೇಳುತ್ತೇನೆ. ಹೈರಿಂಗ್ ಜೋರಾಗಿದ್ದಾಗ ನಾನು ಒಂದೇ ವಾರದಲ್ಲಿ ಹಲವರ ಜೊತೆ ಮಾತಾಡಿರುತ್ತೇನೆ. ಮುಖ ನೆನಪಿರುತ್ತದೆ, ಹೆಸರು ನೆನಪಿರುವುದಿಲ್ಲ. "ನಿಮ್ಮ ಜೊತೆ ಮಾತಾಡಿ ತುಂಬಾ ಕಲಿತೆ" ಎಂದು ಬರೆದರೆ ಅದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. "ಪೇಮೆಂಟ್ ಟೈಮ್‌ಔಟ್ ಬಗ್ಗೆ ನೀವು ಹೇಳಿದ್ದು" ಎಂದು ಬರೆದರೆ ಓ, ಆ ಹುಡುಗಿ ಎಂದು ತಟ್ಟನೆ ನೆನಪಾಗುತ್ತದೆ. ನೋಟ್ ಮಾಡಬೇಕಾದ ಕೆಲಸ ಅದೊಂದೇ.

ಇನ್ನು ಜಾಗದ ಲೆಕ್ಕ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಕನೆಕ್ಷನ್ ನೋಟ್‌ಗೆ 200 ಅಕ್ಷರದ ಮಿತಿ ಇದೆ. ದುಡ್ಡು ಕೊಟ್ಟ ಖಾತೆಗೆ 300. ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ 200 ಅಕ್ಷರ ಅಂದರೆ ಸುಮಾರು ಮೂವತ್ತೈದು ಪದ. ಮೇಲಾಗಿ ಉಚಿತ ಖಾತೆಯವರು ತಿಂಗಳಿಗೆ ಕೆಲವೇ ರಿಕ್ವೆಸ್ಟ್‌ಗಳ ಜೊತೆ ನೋಟ್ ಕಳಿಸಬಹುದು. ಕನ್ನಡದಲ್ಲಿ ಬರೆಯುವವರು ಇನ್ನೂ ಹುಷಾರಾಗಿರಬೇಕು. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. "ನಮಸ್ಕಾರ" ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಕಂಪ್ಯೂಟರ್‌ಗೆ ಏಳು.

ಈ ಮಿತಿ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಮೂವತ್ತೈದು ಪದದಲ್ಲಿ ಅತಿಯಾಗಿ ಹೊಗಳಲೂ ಆಗುವುದಿಲ್ಲ, ಗೋಗರೆಯಲೂ ಆಗುವುದಿಲ್ಲ. ಕೊನೆಗೆ ನಮ್ಮ ಹುಡುಗಿಯ ನೋಟ್ ಹೀಗಾಯಿತು:

"ನಮಸ್ಕಾರ. ಮಂಗಳವಾರ ಟೆಸ್ಟ್ ಇಂಜಿನಿಯರ್ ಕೆಲಸಕ್ಕೆ ನಿಮ್ಮ ಜೊತೆ ನನ್ನ ಇಂಟರ್‌ವ್ಯೂ ಇತ್ತು. ಪೇಮೆಂಟ್ ಟೈಮ್‌ಔಟ್ ಬಗ್ಗೆ ನೀವು ಹೇಳಿದ್ದು ಇನ್ನೂ ತಲೆಯಲ್ಲಿದೆ. ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನಿಮಗೆ ಅನುಕೂಲವಾದಾಗ ಕನೆಕ್ಟ್ ಆದರೆ ಸಂತೋಷ."

ಯಾರು, ಯಾವಾಗ, ಯಾವ ಕೆಲಸಕ್ಕೆ ಎನ್ನುವುದು ಮೊದಲ ಸಾಲಿನಲ್ಲೇ ಇದೆ. ರಿಕ್ವೆಸ್ಟ್‌ಗಳ ಪಟ್ಟಿಯನ್ನು ನಾವು ಓಡಿಸುತ್ತಾ ನೋಡುವಾಗ ಕಣ್ಣಿಗೆ ಬೀಳುವುದು ಫೋಟೋ, ಹೆಸರು, ಆಮೇಲೆ ನೋಟ್‌ನ ಆರಂಭ, ಅಷ್ಟೇ. ಕೊನೆಯಲ್ಲಿ "ನಿಮಗೆ ಅನುಕೂಲವಾದಾಗ" ಎಂದಿರುವುದು ಬರೀ ಮರ್ಯಾದೆಗಲ್ಲ. ಅನೇಕ ಇಂಟರ್‌ವ್ಯೂ ಮಾಡುವವರು ತೀರ್ಮಾನ ಆಗುವವರೆಗೆ ಅಭ್ಯರ್ಥಿಯ ರಿಕ್ವೆಸ್ಟ್ ಒಪ್ಪಿಕೊಳ್ಳುವುದಿಲ್ಲ. ನಾನೂ ಹಾಗೆಯೇ. ಆ ಮಾತು ಇದ್ದರೆ ನನಗೆ ತಡಮಾಡಲು ಸಂಕೋಚವಾಗುವುದಿಲ್ಲ. "ದಯವಿಟ್ಟು ಸ್ವೀಕರಿಸಿ" ಎಂದಿದ್ದರೆ ಸ್ವೀಕರಿಸದೆ ಬಿಟ್ಟ ಪ್ರತಿ ದಿನವೂ ಏನೋ ಬಾಕಿ ಉಳಿಸಿಕೊಂಡ ಹಾಗಿರುತ್ತದೆ.

"ಗೌರವಾನ್ವಿತ ಮೇಡಂ" ಹೋಯಿತು. ಕರೆಯಲ್ಲಿ ಅವರು ತಮ್ಮನ್ನು ಹೆಸರಿನಿಂದಲೇ ಪರಿಚಯ ಮಾಡಿಕೊಂಡಿದ್ದರು, ಇವಳೂ ಹಾಗೇ ಕರೆದಿದ್ದಳು. ನೋಟ್‌ನಲ್ಲೂ ಅದೇ ಇರಲಿ ಎಂದೆ. ಇಂಟರ್‌ವ್ಯೂನಲ್ಲಿ ಸರ್, ಮೇಡಂ ಎಂದು ಕರೆದಿದ್ದರೆ ನೋಟ್‌ನಲ್ಲೂ ಅದೇ ಸರಿ. ಕಾಲೇಜುಗಳಲ್ಲಿ, ಸರ್ಕಾರಿ ಸಂಸ್ಥೆಗಳಲ್ಲಿ ಅದೇ ವಾಡಿಕೆ. ಅಲ್ಲಿ ಹೆಸರು ಹಿಡಿದು ಬರೆದರೆ ಉದ್ಧಟತನ ಎನಿಸೀತು.

ಯಾವಾಗ ಕಳಿಸುವುದು? ಇಂಟರ್‌ವ್ಯೂ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಮೊದಲೇ ರಿಕ್ವೆಸ್ಟ್ ಬಂದರೆ ನಾನಿನ್ನೂ ಫಾರ್ಮ್ ತುಂಬುತ್ತಿರುತ್ತೇನೆ. ಆಗ ಅದು ಒತ್ತಡ. ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಬಿಡಬೇಕು. ಮುಂದೆ ಇನ್ನೂ ರೌಂಡ್ ಇದ್ದರೆ ಎಲ್ಲ ರೌಂಡ್ ಮುಗಿಯಲಿ. ತೀರಾ ತಡವಾದರೂ ಕಷ್ಟ, ಒಂದು ವಾರ ಕಳೆದರೆ ನೆನಪು ಮಾಸಿರುತ್ತದೆ. ಅಕ್ಕನ ಮಗಳ ಇಂಟರ್‌ವ್ಯೂ ಮಂಗಳವಾರ ಆಗಿತ್ತು, ಅದೇ ಕೊನೆಯ ರೌಂಡ್. ಶುಕ್ರವಾರ ಬೆಳಿಗ್ಗೆ ಕಳಿಸು ಎಂದೆ.

ಅವಳನ್ನು ಒಟ್ಟು ಮೂವರು ಇಂಟರ್‌ವ್ಯೂ ಮಾಡಿದ್ದರು. ಮೂವರಿಗೂ ಕಳಿಸಬೇಕಾ ಎಂದು ಕೇಳಿದಳು. ನಿಜವಾಗಿ ಮಾತು ಬೆಳೆದದ್ದು ಯಾರ ಜೊತೆ ಎಂದು ಕೇಳಿದೆ. ಆ ಮೇಡಂ ಒಬ್ಬರ ಜೊತೆಯೇ. ಹಾಗಾದರೆ ಅವರಿಗೊಬ್ಬರಿಗೇ ಸಾಕು. ಒಂದೇ ನೋಟ್ ಮೂವರಿಗೂ ಹೋದರೆ ಆ ಮೂವರೂ ಒಂದೇ ಮೀಟಿಂಗ್‌ನಲ್ಲಿ ಕೂತಾಗ ಆ ಮಾತು ಹೊರಬೀಳುತ್ತದೆ. ಎಚ್‌ಆರ್‌ನವರನ್ನು ಕನೆಕ್ಟ್ ಮಾಡಿಕೊಳ್ಳಲು ಇಷ್ಟೆಲ್ಲ ಯೋಚನೆ ಬೇಡ. ಜನರ ಸಂಪರ್ಕ ಇಟ್ಟುಕೊಳ್ಳುವುದೇ ಅವರ ಕೆಲಸ.

ಕಳಿಸುವ ಕ್ಷಣದಲ್ಲಿ ಆಗುವ ಎಡವಟ್ಟೂ ಇದೆ. "People you may know" ಪಟ್ಟಿಯಲ್ಲಿ ಅವರ ಹೆಸರು ಕಂಡು ಅಲ್ಲೇ Connect ಒತ್ತಿದರೆ ನೋಟ್ ಬರೆಯಲು ಅವಕಾಶವೇ ಸಿಗದೆ ರಿಕ್ವೆಸ್ಟ್ ಹೋಗಿಬಿಡುತ್ತದೆ. ಕಂಪ್ಯೂಟರ್‌ನಲ್ಲಿ ಅವರ ಪ್ರೊಫೈಲ್ ಪುಟ ತೆರೆದು Connect ಒತ್ತಿ, ಆಮೇಲೆ ಬರುವ Add a note ಆರಿಸಬೇಕು. ಕೆಲವರ ಪುಟದಲ್ಲಿ Follow ಮಾತ್ರ ಕಾಣುತ್ತದೆ, Connect ಇರುವುದು More ಒಳಗೆ. ಅವರು ಬೇಕೆಂದೇ Follow ಮುಂದಿಟ್ಟಿರಬಹುದು. ಅಂಥವರನ್ನು ಫಾಲೋ ಮಾಡಿ ಸುಮ್ಮನಿರುವುದೂ ಒಳ್ಳೆಯ ದಾರಿಯೇ. ಒಮ್ಮೆ ಹೋದ ನೋಟ್ ತಿದ್ದಲು ಬರುವುದಿಲ್ಲ. ನೋಟ್ ಇಲ್ಲದೆ ಹೋಯಿತು ಎಂದು ವಾಪಸ್ ತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೆ ಕಾಯಬೇಕಾಗಬಹುದು. ಹಾಗಾಗಿ ನೋಟ್ ಇಲ್ಲದೆ ಹೋಗಿದ್ದರೆ ಹಾಗೇ ಬಿಟ್ಟುಬಿಡುವುದು ವಾಸಿ.

ಈಗಾಗಲೇ ಒಂದು ಕಡೆ ಕೆಲಸದಲ್ಲಿದ್ದು ಗುಟ್ಟಾಗಿ ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಿರುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ನಿಮ್ಮ ಕನೆಕ್ಷನ್‌ಗಳ ಪಟ್ಟಿ ನಿಮ್ಮ ಈಗಿನ ಸಹೋದ್ಯೋಗಿಗಳಿಗೂ ಕಾಣುತ್ತಿರಬಹುದು. ಅದರಲ್ಲಿ ಒಂದೇ ಕಂಪನಿಯ ಎಚ್‌ಆರ್, ಮ್ಯಾನೇಜರ್, ಇಂಜಿನಿಯರ್ ಸಾಲಾಗಿ ಸೇರಿಕೊಂಡರೆ ಊಹಿಸುವುದು ಕಷ್ಟವಲ್ಲ. ಸೆಟ್ಟಿಂಗ್‌ನ Visibility ಭಾಗದಲ್ಲಿ ಕನೆಕ್ಷನ್ ಪಟ್ಟಿಯನ್ನು ಮುಚ್ಚಿಡಬಹುದು. ಮುಚ್ಚಿದರೂ ಇಬ್ಬರಿಗೂ ಗೊತ್ತಿರುವವರು ಮ್ಯೂಚುಯಲ್ ಕನೆಕ್ಷನ್ ಆಗಿ ಕಾಣುತ್ತಾರೆ. ಅಷ್ಟೂ ಬೇಡ ಎನಿಸಿದರೆ ಆಫರ್ ಕೈಗೆ ಬರುವವರೆಗೆ ಕಾಯಬೇಕು.

ಲಿಂಕ್ಡ್‌ಇನ್‌ನಲ್ಲಿ ಉತ್ತರ ಬರಲಿಲ್ಲ ಎಂದು ಕೆಲವರು ಬೇರೆ ದಾರಿ ಹುಡುಕುತ್ತಾರೆ. ಕಂಪನಿಯ ಮೇಲ್ ವಿಳಾಸ ಹೇಗಿರುತ್ತದೆ ಎಂದು ಊಹಿಸಿ ಮೇಲ್ ಹಾಕುತ್ತಾರೆ. ಇಂಟರ್‌ವ್ಯೂ ದಿನ ಲಿಂಕ್ ಸಿಗದೆ ನಾವೇ ನಮ್ಮ ಮೊಬೈಲ್‌ನಿಂದ ಕರೆ ಮಾಡಿದ್ದರೆ ಆ ನಂಬರ್‌ಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಇದು ನಿಜಕ್ಕೂ ಮನೆಯೊಳಗೆ ನುಗ್ಗಿದ ಹಾಗೆ. ಲಿಂಕ್ಡ್‌ಇನ್ ರಿಕ್ವೆಸ್ಟ್‌ನ ಒಳ್ಳೆಯತನ ಇರುವುದೇ ಅದನ್ನು ಯಾರೂ ನೋಯದಂತೆ ಬದಿಗಿಡಬಹುದು ಎನ್ನುವುದರಲ್ಲಿ. ವಾಟ್ಸ್‌ಆ್ಯಪ್ ಮೆಸೇಜ್‌ಗೆ ಆ ಗುಣ ಇಲ್ಲ.

ಶುಕ್ರವಾರ ಅವಳು ನೋಟ್ ಕಳಿಸಿದಳು. ಸೋಮವಾರ ಮತ್ತೆ ಫೋನ್. "ಇನ್ನೂ ಪೆಂಡಿಂಗ್ ಅಂತಾನೇ ಇದೆ ಚಿಕ್ಕಮ್ಮ. ಆಗ್ಲಿಲ್ಲ ಅಂತ ಅರ್ಥಾನಾ?" ಅದಕ್ಕೆ ಯಾವ ಅರ್ಥವೂ ಇಲ್ಲ ಎಂದು ಹೇಳಿದೆ. ಅವರು ತೀರ್ಮಾನಕ್ಕೆ ಕಾಯುತ್ತಿರಬಹುದು. ಲಿಂಕ್ಡ್‌ಇನ್ ತೆರೆಯದೇ ಇರಬಹುದು. ತಮ್ಮ ಜೊತೆ ಕೆಲಸ ಮಾಡುವವರನ್ನಷ್ಟೇ ಸೇರಿಸಿಕೊಳ್ಳುವವರಿರಬಹುದು. ಒಪ್ಪಿಕೊಂಡಿದ್ದರೂ ಕೆಲಸ ಸಿಕ್ಕಿತು ಎಂದೇನೂ ಅಲ್ಲ. ಕೆಲಸಕ್ಕೆ ಬೇಡ ಎಂದು ಬರೆದವರ ರಿಕ್ವೆಸ್ಟನ್ನೂ ನಾನು ಆಮೇಲೆ ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಮತ್ತೆ ಮತ್ತೆ ಅವರ ಪ್ರೊಫೈಲ್ ತೆರೆದು ನೋಡಬೇಡ ಎಂದೂ ಹೇಳಿದೆ. ಪ್ರೈವೇಟ್ ಮೋಡ್ ಹಾಕಿಕೊಂಡಿಲ್ಲದಿದ್ದರೆ ಯಾರು ನೋಡಿದರು ಎಂದು ಅವರಿಗೆ ತಿಳಿಯುತ್ತದೆ. ನೋಟ್ ಸೌಮ್ಯವಾಗಿದ್ದೂ ಪ್ರೊಫೈಲ್ ಕಡೆಯಿಂದ ದಿನವೂ ಬಾಗಿಲು ಬಡಿದರೆ ಏನು ಬಂತು?

ಆ ಕೆಲಸ ಅವಳಿಗೆ ಸಿಗಲಿಲ್ಲ. ಎಚ್‌ಆರ್‌ನಿಂದ ಮೇಲ್ ಬಂತು. ಅದಾಗಿ ಸ್ವಲ್ಪ ದಿನಕ್ಕೆ ಆ ಮೇಡಂ ರಿಕ್ವೆಸ್ಟ್ ಒಪ್ಪಿಕೊಂಡರು. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಈಗ ಅವರನ್ನೇ ಕೇಳಬಹುದಲ್ಲ ಎಂದು ಅವಳಿಗೆ ಅನ್ನಿಸಿತು. ನಾನು ಬೇಡ ಎಂದೆ. ಇಂಥ ಉತ್ತರ ಕೊಡಬಾರದು ಎಂದು ಎಷ್ಟೋ ಕಂಪನಿಗಳು ಇಂಟರ್‌ವ್ಯೂ ಮಾಡುವವರಿಗೆ ಹೇಳಿರುತ್ತವೆ. ಅದನ್ನೂ ಎಚ್‌ಆರ್‌ಗೇ ಕೇಳಬೇಕು, ಸಿಕ್ಕರೆ ಸಿಕ್ಕಿತು. ಜೊತೆಗೆ ಮತ್ತೆ ಅರ್ಜಿ ಹಾಕಲು ಎಷ್ಟು ತಿಂಗಳು ಬಿಡಬೇಕು ಎಂದೂ ಕೇಳಿಕೋ ಎಂದೆ. ಆರು ತಿಂಗಳು ಎನ್ನುವ ಕಂಪನಿಗಳಿವೆ, ಒಂದು ವರ್ಷ ಎನ್ನುವವೂ ಇವೆ.

ಆ ಮೇಡಂಗೆ ಮೆಸೇಜ್ ಮಾಡಲು ಕಾರಣ ಮುಂದೆ ಹುಟ್ಟಬಹುದು. ಅವಳು ಈಗ ಮನೆಯಲ್ಲೇ ಒಂದು ಸಣ್ಣ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಬೇಕೆಂದೇ ನೆಟ್‌ವರ್ಕ್ ಕತ್ತರಿಸಿ, ಪೇಮೆಂಟ್ ಸ್ಥಿತಿಯನ್ನು ಆ್ಯಪ್ ಮತ್ತೆ ಕೇಳುತ್ತದೋ ಇಲ್ಲವೋ ಎಂದು ನೋಡುವ ಟೆಸ್ಟ್‌ಗಳು ಅದರಲ್ಲಿವೆ. ಅದು ಮುಗಿದ ಮೇಲೆ ಅವರಿಗೆ ಎರಡು ಸಾಲು ಬರೆಯಬಹುದು: ಅವತ್ತಿನ ನಿಮ್ಮ ಮಾತಿನಿಂದ ಇದನ್ನು ಮಾಡಿದೆ, ಬಿಡುವಿದ್ದರೆ ನೋಡಿ, ಉತ್ತರ ಬರೆಯಲೇಬೇಕೆಂದಿಲ್ಲ. ಅದರಲ್ಲಿ ಕೆಲಸದ ಮಾತು ಬೇಡ ಎಂದು ಹೇಳಿದ್ದೇನೆ. ಆರು ತಿಂಗಳಾದ ಮೇಲೆ ಅರ್ಜಿ ಹಾಕುವುದಿದ್ದರೆ ಅದನ್ನು ಕಂಪನಿಯ ಪುಟದಲ್ಲೇ ಹಾಕಲಿ.